ಚಿರತೆಯೋ ನಾಯಿಯೋ? ಕೆಳದವಡೆ ನೋಡಿ

ಕಾಡಂಚಿನ ಹಳ್ಳದಲ್ಲಿ ಗೇಣುದ್ದದ ಬುರುಡೆಯೊಂದು ಸಿಕ್ಕರೆ ಊರಲ್ಲಿ ಮೊದಲು ಹಬ್ಬುವ ಸುದ್ದಿ ಚಿರತೆಯದ್ದು. ಆದರೆ ಅಳತೆಯೊಂದನ್ನೇ ನಂಬಿದರೆ ಕೆಟ್ಟಂತೆ. ಬೆಳೆದ ಮೇಕೆ, ಬೀದಿನಾಯಿ, ಚಿರತೆ ಮೂರರ ಬುರುಡೆಯೂ ಸುಮಾರು 20 ಸೆಂ.ಮೀ. ಆಸುಪಾಸಿನಲ್ಲೇ ಇರಬಹುದು. ಗಾತ್ರ ನೋಡಿ ಇಲಿಯನ್ನೂ ಆನೆಯನ್ನೂ ಕೈಬಿಡಬಹುದು, ಅಷ್ಟೇ.

ಮುಂದಿನ ಸುಳಿವು ಮೇಲ್ದವಡೆಯ ತುದಿಯಲ್ಲಿದೆ. ಮೇಕೆ, ಕುರಿ, ದನ, ಜಿಂಕೆಗಳಿಗೆ ಅಲ್ಲಿ ಬಾಚಿಹಲ್ಲೇ ಇಲ್ಲ. ಹಲ್ಲು ಉದುರಿಹೋಗಿರಬಹುದಲ್ಲ ಎಂಬ ಅನುಮಾನ ಬಂದರೆ ಬೆರಳಾಡಿಸಿ ನೋಡಬೇಕು: ಉದುರಿದ ಹಲ್ಲು ಗುಳಿ ಬಿಟ್ಟಿರುತ್ತದೆ, ಮೇಕೆಯಲ್ಲಿ ಗುಳಿಯೂ ಇರುವುದಿಲ್ಲ. ಕಣ್ಣಿನ ಗೂಡೂ ಸಾಕ್ಷಿ ಹೇಳುತ್ತದೆ. ಮೆಲುಕು ಹಾಕುವ ಪ್ರಾಣಿಗಳಲ್ಲಿ ಅದರ ಸುತ್ತ ಮೂಳೆಯ ಬಳೆ ಪೂರ್ತಿಯಾಗಿರುತ್ತದೆ. ನಾಯಿಯಲ್ಲೂ ಚಿರತೆಯಲ್ಲೂ ಹಿಂಬದಿ ತೆರೆದಿರುತ್ತದೆ.

ಕೋರೆಹಲ್ಲಿದ್ದು ಕಣ್ಣಿನ ಗೂಡು ತೆರೆದಿದ್ದರೆ ಕೆಳದವಡೆಯ ಒಂದು ಪಕ್ಕವನ್ನು ಎತ್ತಿಕೊಂಡು, ಕೋರೆಯ ಹಿಂದಿನ ಹಲ್ಲುಗಳನ್ನು ಎಣಿಸಬೇಕು. ನಾಯಿಗೆ 7, ಸೀಳುನಾಯಿಗೆ 6, ಚಿರತೆಗೆ ಬರೀ 3. ಚಿರತೆಯ ಮೂರೂ ಕತ್ತಿಯಂತೆ ಚೂಪು; ನಾಯಿಯ ದವಡೆಯ ಕೊನೆಯಲ್ಲಿ ಅರೆಯಲೂ ಒದಗುವ ಚಪ್ಪಟೆ ಹಲ್ಲುಗಳಿರುತ್ತವೆ.

ಹಲ್ಲೆಲ್ಲ ಉದುರಿದ್ದರೆ ಗುಳಿಗಳನ್ನೇ ಎಣಿಸಬೇಕು, ಆದರೆ ಎಚ್ಚರದಿಂದ. ಹೆಚ್ಚಿನ ದವಡೆಹಲ್ಲುಗಳಿಗೆ ಎರಡು ಬೇರು, ಹಾಗಾಗಿ ಎರಡು ಗುಳಿ. ನಾಯಿಯ ಮೊದಲ ಮತ್ತು ಕೊನೆಯ ಹಲ್ಲಿಗೆ ಮಾತ್ರ ಒಂದೊಂದು. ಹೀಗೆ ನಾಯಿಯ ದವಡೆಯಲ್ಲಿ ಕೋರೆಯ ಹಿಂದೆ 12 ಗುಳಿ, ಚಿರತೆಯದ್ದರಲ್ಲಿ 6. ಆರು ಗುಳಿ ಕಂಡು ಆರು ಹಲ್ಲೆಂದು ಲೆಕ್ಕ ಹಾಕಿದರೆ ಚಿರತೆ ಸೀಳುನಾಯಿಯಾಗಿಬಿಡುತ್ತದೆ! ಕೆಲವು ನಾಯಿಗಳಿಗೆ ಕೊನೆಯ ಪುಟ್ಟ ಹಲ್ಲು ಹುಟ್ಟುವುದೇ ಇಲ್ಲ. ಆಗ ನಾಯಿಯೋ ಸೀಳುನಾಯಿಯೋ ಎಂದು ಹೇಳಲು ಇಡೀ ಬುರುಡೆ ಬೇಕು. ಮರಿಗಳ ಹಾಲುಹಲ್ಲಿಗಂತೂ ಈ ಲೆಕ್ಕ ಹೊಂದುವುದೇ ಇಲ್ಲ.

ಒಂಟಿ ಹಲ್ಲು ತಜ್ಞರನ್ನೂ ದಾರಿ ತಪ್ಪಿಸಿದೆ. ಅಮೆರಿಕದ ನೆಬ್ರಾಸ್ಕಾದಲ್ಲಿ ಸಿಕ್ಕ ಸವೆದ ದವಡೆಹಲ್ಲೊಂದನ್ನು ನೋಡಿ ಹೆನ್ರಿ ಫೇರ್‌ಫೀಲ್ಡ್ ಆಸ್ಬಾರ್ನ್ 1922ರಲ್ಲಿ ಅದು ಮನುಷ್ಯನನ್ನು ಹೋಲುವ ವಾನರದ್ದೆಂದು ಸಾರಿ, ಹೊಸ ಹೆಸರನ್ನೂ ಇಟ್ಟರು. ಅದೇ ಜಾಗದಲ್ಲಿ ಮತ್ತೆ ಅಗೆದಾಗ ಇನ್ನಷ್ಟು ಅವಶೇಷಗಳು ಸಿಕ್ಕವು. ಅದು ಹಂದಿಯ ದೂರದ ನಂಟಿನ ಪೆಕ್ಕರಿ ಎಂಬ ಪ್ರಾಣಿಯ ಹಲ್ಲು ಎಂದು ತಿಳಿದು, 1927ರಲ್ಲಿ ಆ ವಾದವನ್ನು ಹಿಂತೆಗೆದುಕೊಳ್ಳಲಾಯಿತು. ಪೆಕ್ಕರಿಯ ದವಡೆಹಲ್ಲಿನ ಉಬ್ಬುಗಳು ಮನುಷ್ಯನದರಂತೆಯೇ ಮೊಂಡು. ಸವೆದ ಮೇಲೆ ಹೋಲಿಕೆ ಇನ್ನೂ ಹೆಚ್ಚಿತ್ತು.

ಎಣಿಕೆ ಮೂರಕ್ಕೆ ನಿಂತು ಬುರುಡೆ ಗೇಣುದ್ದವಿದ್ದರೆ ಅದನ್ನು ಮನೆಗೆ ತರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಸತ್ತ ಚಿರತೆಯ ಮೂಳೆಯೂ ಸರ್ಕಾರದ ಆಸ್ತಿ. ಅಲ್ಲೇ ಬಿಟ್ಟು, ಪಕ್ಕದಲ್ಲೊಂದು ಸ್ಕೇಲು ಇಟ್ಟು ಫೋಟೊ ತೆಗೆದು, ಅರಣ್ಯ ಇಲಾಖೆಗೆ ತಿಳಿಸಬೇಕು.