ಚಪ್ಪಟೆಯಾಗುವ ಗೆರೆಯನ್ನು ಓದುವ ಬಗೆ

ಮೆಥನಾಲ್ ಬೆರೆತ ಕಳ್ಳಭಟ್ಟಿ ಕುಡಿದವರ ಕಣ್ಣು ಕಳೆಯುವುದು ಮುಖ್ಯವಾಗಿ ಮೆಥನಾಲ್ ಅಲ್ಲ, ಅದರಿಂದ ಹುಟ್ಟುವ ಫಾರ್ಮಿಕ್ ಆಮ್ಲ. ಆ ಕೆಲಸವನ್ನು ಶುರುಮಾಡುವುದು ನಮ್ಮದೇ ಯಕೃತ್ತಿನ ಒಂದು ಕಿಣ್ವ, ಆಲ್ಕೋಹಾಲ್ ಡಿಹೈಡ್ರೋಜಿನೇಸ್. ಅದನ್ನು ತಡೆಯಲು ವೈದ್ಯರು ಫೋಮೆಪಿಜೋಲ್ ಎಂಬ ಔಷಧಿ ಕೊಡುತ್ತಾರೆ. ಔಷಧಿ ಹೇಗೆ ತಡೆಯುತ್ತದೆ ಎಂಬುದು ಒಂದು ನಕ್ಷೆಯಲ್ಲಿ ಕಾಣುತ್ತದೆ.

ನಕ್ಷೆಯ ಅಡ್ಡಗೆರೆಯಲ್ಲಿರುವುದು ಮೆಥನಾಲಿನ ಸಾಂದ್ರತೆ, ನೆಟ್ಟಗೆರೆಯಲ್ಲಿರುವುದು ಕಿಣ್ವದ ವೇಗ. ಅಡ್ಡಗೆರೆಯನ್ನು ಕಾಲವೆಂದು ಓದಿ ಎಡವುವ ವಿದ್ಯಾರ್ಥಿಗಳು ಬಹಳ. ಅವರು ‘ಮೆಥನಾಲ್ ಮುಗಿಯಿತು, ಗೆರೆ ಚಪ್ಪಟೆಯಾಯಿತು’ ಎನ್ನುತ್ತಾರೆ. ನಿಜ ಅದಕ್ಕೆ ತದ್ವಿರುದ್ಧ. ಪ್ರತಿ ಚುಕ್ಕಿಯೂ ಬೇರೆ ಬೇರೆ ಪ್ರನಾಳದಲ್ಲಿ, ಕ್ರಿಯೆ ಶುರುವಾದ ಕೂಡಲೇ ಅಳೆದ ವೇಗ. ಬಲಕ್ಕೆ ಹೋದಂತೆ ಮೆಥನಾಲ್ ಹೆಚ್ಚುತ್ತದೆ, ಆದರೆ ಖಾಲಿ ಕುಳಿತ ಕಿಣ್ವಗಳು ಉಳಿದಿರುವುದಿಲ್ಲ. ಗೆರೆ ಚಪ್ಪಟೆಯಾಗುವುದು ಅದಕ್ಕೇ.

ಲೆಕ್ಕ ಸುಲಭವಾಗಲೆಂದು ಗರಿಷ್ಠ ವೇಗ 100 ಎಂದೂ, ಸಾಂದ್ರತೆ 2 ಇದ್ದಾಗ ವೇಗ ಅದರ ಅರ್ಧ, ಅಂದರೆ 50 ಎಂದೂ ಇಟ್ಟುಕೊಳ್ಳೋಣ. ಅರ್ಧ ವೇಗ ಕೊಡುವ ಈ 2ಕ್ಕೆ ಮಿಖೈಲಿಸ್ ಸ್ಥಿರಾಂಕ ಎಂದು ಹೆಸರು. 1913ರಲ್ಲಿ ಇದನ್ನು ಸೂತ್ರಕ್ಕೆ ಇಳಿಸಿದವರು ಲಿಯೊನೋರ್ ಮಿಖೈಲಿಸ್ ಮತ್ತು ಮಾಡ್ ಮೆಂಟೆನ್. ಸಾಂದ್ರತೆ 18ಕ್ಕೆ ಏರಿದರೆ ವೇಗ 90. ಒಂಬತ್ತು ಪಟ್ಟು ಸುರಿದರೂ ವೇಗ ದುಪ್ಪಟ್ಟಾಗಲಿಲ್ಲ.

ಈಗ ಫೋಮೆಪಿಜೋಲ್ ಬೆರೆಸೋಣ. ಮೆಥನಾಲ್ ಕೂರಬೇಕಾದ ಜಾಗದಲ್ಲೇ ಅದು ಕೂರುತ್ತದೆ, ಆದರೆ ತಾನು ಬದಲಾಗುವುದಿಲ್ಲ. ಅರ್ಧ ವೇಗಕ್ಕೆ ಬೇಕಾದ ಸಾಂದ್ರತೆ 2ರಿಂದ 8ಕ್ಕೆ ಏರುವಷ್ಟು ಹಾಕಿದೆವು ಎನ್ನಿ. ಆಗ 2ರಲ್ಲಿ ವೇಗ 50ರ ಬದಲು 20ಕ್ಕೆ ಇಳಿಯುತ್ತದೆ, 18ರಲ್ಲಿ 69. ಆದರೆ 72ಕ್ಕೆ ಹೋದರೆ ಮತ್ತೆ 90! ಮೆಥನಾಲ್ ಸಾಕಷ್ಟಿದ್ದರೆ ಔಷಧಿಯನ್ನು ಹಿಂದಿಕ್ಕಿ ಜಾಗ ಹಿಡಿಯುತ್ತದೆ. ಗೆರೆಯ ಏರು ನಿಧಾನವಾಗಿ ಬಲಕ್ಕೆ ಸರಿಯುತ್ತದೆ, ತಲುಪಬೇಕಾದ ಎತ್ತರ ಮಾತ್ರ ಅದೇ 100. ಸ್ಪರ್ಧಾತ್ಮಕ ಪ್ರತಿಬಂಧಕದ ಗುರುತು ಇದು.

ಅಳತೆಯನ್ನು 18ಕ್ಕೇ ನಿಲ್ಲಿಸಿದವರು ಮೋಸ ಹೋಗುತ್ತಾರೆ. 69ರ ಬಳಿ ಬಾಗುತ್ತಿರುವ ಗೆರೆ ಕಂಡು ಗರಿಷ್ಠ ವೇಗವೇ ಕುಸಿಯಿತೆಂದು ಬರೆದುಬಿಡುತ್ತಾರೆ. ಎತ್ತರ ಕುಗ್ಗಿತೆನ್ನುವ ಮುನ್ನ ಗೆರೆ ನಿಜಕ್ಕೂ ಚಪ್ಪಟೆಯಾಗಿದೆಯೇ ಎಂದು ನೋಡಬೇಕು.

ಆಸ್ಪತ್ರೆಯಲ್ಲಿ ಈ ಔಷಧಿ ಗೆಲ್ಲುವುದು ಕಿಣ್ವಕ್ಕೆ ಮೆಥನಾಲಿಗಿಂತ ಸಾವಿರಾರು ಪಟ್ಟು ಬಿಗಿಯಾಗಿ ಅಂಟುವುದರಿಂದ. ಆದರೂ ಅದು ಬರಿಯ ಕಾವಲು. ಮೆಥನಾಲ್ ಇರುವವರೆಗೂ ಔಷಧಿ ಕೊಡುತ್ತಲೇ ಇರಬೇಕು. ಆಗಲೇ ಹುಟ್ಟಿದ ಫಾರ್ಮಿಕ್ ಆಮ್ಲವನ್ನು ಅದು ತೆಗೆಯುವುದಿಲ್ಲ, ಅದಕ್ಕೆ ಡಯಾಲಿಸಿಸ್ ಬೇಕಾಗಬಹುದು. ಹಾಗಾಗಿ ಇಂಥ ಮದ್ಯ ಕುಡಿದವರನ್ನು ಕಣ್ಣು ಮಂಜಾಗುವವರೆಗೆ ಕಾಯಿಸದೆ ಆಸ್ಪತ್ರೆಗೆ ಕರೆದೊಯ್ಯಿರಿ.