ಹೆಸರಿಗೂ ಮೊದಲು ಒಂದು ಅಲ್ಪವಿರಾಮ

ಕಚೇರಿಯ ಇಂಗ್ಲಿಷ್ ಮೇಲ್ ಒಂದನ್ನು ಗಮನಿಸಿ. ತಂಡದ ಆರೇಳು ಜನರಿಗೆ ಹೋದ ಪತ್ರದ ಕೊನೆಯಲ್ಲಿ ಮೇಲಧಿಕಾರಿ ಹೀಗೆ ಬರೆದಿದ್ದಾರೆ: “ಥ್ಯಾಂಕ್ಸ್ ಫಾರ್ ಹೆಲ್ಪಿಂಗ್ ಶ್ವೇತಾ.” ಅವರು ಹೇಳಹೊರಟದ್ದು, ಸಹಾಯ ಮಾಡಿದ ಶ್ವೇತಾಗೆ ಧನ್ಯವಾದ ಎಂದು. ಓದಿದವರಿಗೆ ಅರ್ಥವಾಗುವುದು, ಶ್ವೇತಾಗೆ ಯಾರೋ ಸಹಾಯ ಮಾಡಿದರು, ಅವರಿಗೆ ಧನ್ಯವಾದ ಎಂದು. ಕೆಲಸ ಮಾಡಿದವಳು ಸಹಾಯ ಪಡೆದವಳಾಗಿಬಿಟ್ಟಳು. “ಹೆಲ್ಪಿಂಗ್” ಆದಮೇಲೆ ಒಂದು ಅಲ್ಪವಿರಾಮ ಬಿದ್ದಿದ್ದರೆ ಈ ತಪ್ಪು ಆಗುತ್ತಿರಲಿಲ್ಲ.

ಕನ್ನಡದಲ್ಲಿ ಇದೇ ಮಾತನ್ನು ಬರೆದರೆ ಗೊಂದಲಕ್ಕೆ ಎಡೆಯೇ ಇಲ್ಲ. “ಸಹಾಯ ಮಾಡಿದ್ದಕ್ಕೆ ಧನ್ಯವಾದ ಶ್ವೇತಾ” ಬೇರೆ, “ಶ್ವೇತಾಗೆ ಸಹಾಯ ಮಾಡಿದ್ದಕ್ಕೆ ಧನ್ಯವಾದ” ಬೇರೆ. ಹೆಸರಿಗೆ ಅಂಟಿದ “ಗೆ” ಎಂಬ ಪ್ರತ್ಯಯವೇ ಅವಳ ಪಾತ್ರವನ್ನು ಹೇಳಿಬಿಡುತ್ತದೆ. ಕರೆಯುವಾಗಲೂ ನಮಗೆ ಗುರುತುಗಳಿವೆ: “ಶ್ವೇತಾ ಅವರೇ”, “ರಾಯರೇ”, “ಅಣ್ಣಾ”. ಇಂಗ್ಲಿಷಿನ ಹೆಸರಿಗೆ ಇಂಥ ಪ್ರತ್ಯಯಗಳಿಲ್ಲ. ಕರೆದರೂ ಶ್ವೇತಾ, ಕರ್ಮವಾದರೂ ಶ್ವೇತಾ. ನಮ್ಮಲ್ಲಿ ವಿಭಕ್ತಿ ಮಾಡುವ ಕೆಲಸವನ್ನು ಅಲ್ಲಿ ಪದಗಳ ಕ್ರಮ ಮಾಡಬೇಕು. ಕ್ರಮ ಸಾಲದ ಕಡೆ ಉಳಿಯುವುದು ಅಲ್ಪವಿರಾಮ ಒಂದೇ.

ಹಾಗಿದ್ದೂ ಅದು ಇಷ್ಟು ಸುಲಭವಾಗಿ ತಪ್ಪಿಹೋಗುವುದೇಕೆ? ಅಲ್ಪವಿರಾಮವೆಂದರೆ ಉಸಿರು ನಿಲ್ಲಿಸುವ ಜಾಗ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಆದರೆ “ಥ್ಯಾಂಕ್ಸ್, ಶ್ವೇತಾ” ಎಂದು ಬಾಯಿಬಿಟ್ಟು ಹೇಳಿ ನೋಡಿ, ನಡುವೆ ಯಾರೂ ನಿಲ್ಲುವುದಿಲ್ಲ. ವಾಕ್ಯದ ಕೊನೆಗೆ ಬರುವ ಸಂಬೋಧನೆಯನ್ನು ಇಂಗ್ಲಿಷ್ ಮಾತುಗಾರರು ತಗ್ಗಿದ ದನಿಯಲ್ಲಿ, ಹಿಂದಿನ ಮಾತಿಗೆ ಸೇರಿಸಿಯೇ ಹೇಳುತ್ತಾರೆ. ಭಾಷಾವಿಜ್ಞಾನಿ ಆರ್ನಲ್ಡ್ ಜ್ವಿಕಿ 1974ರಲ್ಲೇ ಸಂಬೋಧನೆಯಲ್ಲಿ ಎರಡು ಬಗೆ ಗುರುತಿಸಿದ್ದರು. ಗಮನ ಸೆಳೆಯಲು ಕೂಗುವುದು ಒಂದು. ಈಗಾಗಲೇ ಕೇಳುತ್ತಿರುವವರ ಜೊತೆ ನಂಟು ಉಳಿಸಿಕೊಳ್ಳಲು ಹೆಸರು ಹೇಳುವುದು ಇನ್ನೊಂದು. ಧನ್ಯವಾದದ ಜೊತೆಗೆ ಬರುವ ಹೆಸರು ಸಾಮಾನ್ಯವಾಗಿ ಎರಡನೆಯ ಬಗೆಯದು. ಅದನ್ನು ಕಿವಿಯ ಲೆಕ್ಕದಲ್ಲಿ ಬರೆದರೆ ಅಲ್ಪವಿರಾಮ ಬೀಳುವುದಿಲ್ಲ. ಅದು ಬೇಕಾಗಿರುವುದು ವ್ಯಾಕರಣಕ್ಕೆ.

ಓದುಗರ ಮಿದುಳಿಗೆ ಈ ಗೆರೆ ಎಷ್ಟು ಮುಖ್ಯ ಎಂಬುದನ್ನು ಜರ್ಮನಿಯಲ್ಲಿ ಪರೀಕ್ಷಿಸಿದ್ದಾರೆ. ಕಾರ್ಸ್ಟನ್ ಸ್ಟೈನ್‌ಹೌವರ್, ಕೈ ಆಲ್ಟರ್ ಮತ್ತು ಆಂಗೆಲಾ ಫ್ರೀಡೆರಿಚಿ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪೀಟರ್, ಆನಾ ಎಂಬ ಹೆಸರುಗಳ ವಾಕ್ಯಗಳಿದ್ದವು. ಜರ್ಮನ್ ಪದಗಳ ಸಾಲು ಒಂದು ಹಂತದವರೆಗೆ ಎರಡರಲ್ಲೂ ಒಂದೇ. ಒಂದರಲ್ಲಿ ಪೀಟರ್ ಆನಾಗೆ ಮಾತು ಕೊಡುತ್ತಾನೆ, ಇನ್ನೊಂದರಲ್ಲಿ ಆನಾಳ ಭಾರ ಇಳಿಸುವುದಾಗಿ ಮಾತು ಕೊಡುತ್ತಾನೆ. ಆನಾ ಯಾವ ಕ್ರಿಯಾಪದಕ್ಕೆ ಸೇರಿದವಳು ಎಂಬುದನ್ನು ತೋರಿಸುವುದು ಹೆಸರಿಗೆ ಮೊದಲು ದನಿಯಲ್ಲಿ ಬರುವ ಬಿಡುವು. ಆ ಬಿಡುವು ಕೇಳಿದಾಗಲೆಲ್ಲ ತಲೆಗೆ ಅಂಟಿಸಿದ ವಿದ್ಯುದಗ್ರಗಳು ಧನಾತ್ಮಕವಾದ ಒಂದು ಅಲೆಯನ್ನು ದಾಖಲಿಸಿದವು. 2001ರಲ್ಲಿ ಸ್ಟೈನ್‌ಹೌವರ್ ಮತ್ತು ಫ್ರೀಡೆರಿಚಿ, ಸದ್ದಿಲ್ಲದೆ ಓದುವಾಗ ಅಲ್ಪವಿರಾಮವೂ ಇಂಥದೇ ಅಲೆಯನ್ನು ಎಬ್ಬಿಸಬಲ್ಲದು ಎಂದು ತೋರಿಸಿದರು. ಅಲ್ಲಿ ಪರೀಕ್ಷಿಸಿದ್ದು ಸಂಬೋಧನೆಯನ್ನಲ್ಲ, ನಿಜ. ಆದರೆ ಹೆಸರು ಹಿಂದಿನ ಕ್ರಿಯಾಪದಕ್ಕೆ ಅಂಟುವುದೋ ಬಿಡುವುದೋ ಎಂಬ ಪ್ರಶ್ನೆ ಶ್ವೇತಾಳ ಮೇಲ್‌ನಲ್ಲೂ ಅದೇ.

ಎಲ್ಲ ಕಡೆಯೂ ಇಷ್ಟೇ ಬಿಗಿ ಬೇಕಿಲ್ಲ. ಪತ್ರದ ಆರಂಭದ “ಹಾಯ್ ಶ್ವೇತಾ,” ಎಂಬಲ್ಲಿ ನಿಯಮದ ಪ್ರಕಾರ “ಹಾಯ್” ಆದಮೇಲೂ ಅಲ್ಪವಿರಾಮ ಬರಬೇಕು. ಆದರೆ ಎರಡೇ ಪದಕ್ಕೆ ಎರಡು ಗೆರೆ ಭಾರವೆನಿಸಿ ಮೊದಲನೆಯದನ್ನು ಜನ ಕೈಬಿಟ್ಟಿದ್ದಾರೆ. ತಪ್ಪರ್ಥಕ್ಕೆ ದಾರಿಯಿಲ್ಲದ ಕಾರಣ ಇದನ್ನು ತಪ್ಪೆಂದು ತಿದ್ದುವುದು ನನಗೆ ಸರಿಕಾಣುವುದಿಲ್ಲ. “ಡಿಯರ್ ಶ್ವೇತಾ” ಎಂಬಲ್ಲಂತೂ ನಡುವೆ ಅಲ್ಪವಿರಾಮ ಹಾಕಲೇಬಾರದು, ಏಕೆಂದರೆ “ಪ್ರಿಯ ಶ್ವೇತಾ” ಎನ್ನುವಂತೆ ಅದು ಹೆಸರಿನ ವಿಶೇಷಣ.

ಪತ್ರದ ಕೊನೆಯಲ್ಲಿ ಮಾತ್ರ ಇನ್ನೊಂದು ತೊಡಕಿದೆ, ಅದು ಕನ್ನಡಕ್ಕೂ ಉಂಟು. “ಧನ್ಯವಾದಗಳು,” ಎಂದು ಬರೆದು ಕೆಳಗಿನ ಸಾಲಿನಲ್ಲಿ “ಶ್ವೇತಾ” ಎಂದರೆ ಅದು ಬರೆದವಳ ಸಹಿ. ಒಂದೇ ಸಾಲಿನಲ್ಲಿ “ಧನ್ಯವಾದಗಳು, ಶ್ವೇತಾ” ಎಂದರೆ ಅವಳಿಗೆ ಸಲ್ಲಿಸಿದ ಧನ್ಯವಾದ. ವ್ಯತ್ಯಾಸವೆಲ್ಲ ಸಾಲು ಮುರಿಯುವುದರಲ್ಲಿದೆ. ಮೊಬೈಲಿನ ಮುನ್ನೋಟದಲ್ಲಿ ಸಾಲುಗಳು ಕೂಡಿಕೊಂಡು ಬಂದಾಗ ಪತ್ರ ಯಾರದೆಂದೇ ತಿಳಿಯದಂತಾಗಬಹುದು. ಇಲ್ಲಿ ಅಲ್ಪವಿರಾಮ ಕೈಹಿಡಿಯುವುದಿಲ್ಲ. ಕನ್ನಡದಲ್ಲಾದರೆ “ಶ್ವೇತಾ ಅವರೇ, ಧನ್ಯವಾದಗಳು” ಎಂದು ಬರೆಯಿರಿ. ಇಂಗ್ಲಿಷಿನಲ್ಲಾದರೆ ಹೆಸರಿನ ಆಚೆಗೂ ನಾಲ್ಕು ಮಾತು ಸೇರಿಸಿ, ಯಾವ ಕೆಲಸಕ್ಕೆ ಧನ್ಯವಾದ ಎಂಬುದನ್ನೂ ಹೇಳಿ, ಆಮೇಲೆ ನಿಮ್ಮ ಹೆಸರು ಬರೆಯಿರಿ.