ಗಂಟೋ, ತಿಂಗಳ ಕಂತೋ?

ನಿವೃತ್ತಿ ಹತ್ತಿರ ಬಂದಾಗ ಕೇಂದ್ರ ಸರ್ಕಾರಿ ನೌಕರರಿಗೆ ಒಂದು ಅರ್ಜಿ ಎದುರಾಗುತ್ತದೆ. ಪಿಂಚಣಿಯ ಒಂದು ಪಾಲು ಬಿಟ್ಟುಕೊಟ್ಟು ಇಡಿಗಂಟು ಪಡೆಯುತ್ತೀರಾ ಎಂದು ಅದು ಕೇಳುತ್ತದೆ. ಕಚೇರಿಯಲ್ಲಿ ಇದನ್ನು ಕಮ್ಯುಟೇಷನ್ ಎನ್ನುತ್ತಾರೆ. 2004ಕ್ಕೆ ಮುಂಚೆ ಸೇರಿ ಹಳೆ ಪಿಂಚಣಿ ಉಳಿಸಿಕೊಂಡವರ ಮಾತಿದು.

60ಕ್ಕೆ ನಿವೃತ್ತರಾಗುವ ಒಬ್ಬರ ಮೂಲ ಪಿಂಚಣಿ 40,000 ರೂಪಾಯಿ ಎನ್ನೋಣ. ಬಿಟ್ಟುಕೊಡಬಹುದಾದದ್ದು ಹೆಚ್ಚೆಂದರೆ ಶೇ 40, ಅಂದರೆ ತಿಂಗಳಿಗೆ 16,000. ಈ ವಯಸ್ಸಿಗೆ ಸರ್ಕಾರದ ಕೋಷ್ಟಕದಲ್ಲಿರುವ ಗುಣಕ 8.194. ವರ್ಷದ 1,92,000 ರೂಪಾಯಿಯನ್ನು ಅದರಿಂದ ಗುಣಿಸಿದರೆ ಕೈಗೆ ಬರುವುದು 15,73,248 ರೂಪಾಯಿ. ಇದಕ್ಕೆ ಆದಾಯ ತೆರಿಗೆ ಇಲ್ಲ. 15 ವರ್ಷ ಕಳೆದ ಮೇಲೆ ಆ 16,000 ಮತ್ತೆ ಪಿಂಚಣಿಗೆ ಸೇರುತ್ತದೆ.

15 ವರ್ಷದಲ್ಲಿ ಕಡಿತವಾಗುವುದು ಒಟ್ಟು 28,80,000. 'ಎಂಟು ವರ್ಷಕ್ಕೇ ಸಾಲ ತೀರಿತು, ಉಳಿದದ್ದೆಲ್ಲ ನಷ್ಟ' ಎಂದು ಹಲವರು ಲೆಕ್ಕ ಹಾಕುತ್ತಾರೆ. ಅದು ಬಡ್ಡಿಯನ್ನು ಮರೆತ ಲೆಕ್ಕ. ಬಡ್ಡಿ ಸೇರಿಸಿ ನೋಡಿದರೆ ಇದು ವರ್ಷಕ್ಕೆ ಸುಮಾರು ಶೇ 9ರ ಸಾಲಕ್ಕೆ ಸಮ.

ಈ 9 ಎಂಬ ಅಂಕಿ ಕೈಯಲ್ಲಿದ್ದರೆ ಹೋಲಿಕೆ ಸುಲಭ. ಗಂಟನ್ನು ಬ್ಯಾಂಕಿನಲ್ಲಿ ಶೇ 7ರ ಬಡ್ಡಿಗೆ ಇಟ್ಟು, ಕಡಿತವಾದ 16,000ವನ್ನು ಅದರಿಂದಲೇ ತಿಂಗಳು ತಿಂಗಳು ತೆಗೆದುಕೊಂಡರೆ ಹಣ 12 ವರ್ಷ ಚಿಲ್ಲರೆ ತಿಂಗಳಿಗೆ ಖಾಲಿ. ಕಡಿತ ಮಾತ್ರ ಇನ್ನೂ ಮೂರು ವರ್ಷದಷ್ಟು ಉಳಿದಿರುತ್ತದೆ. ಶೇ 20ರ ತೆರಿಗೆ ಹಂತದಲ್ಲಿರುವವರಿಗೆ ಫಲಿತಾಂಶ ಬೇರೆ. ತಿಂಗಳ ಪಿಂಚಣಿಗೆ ತೆರಿಗೆ ಬೀಳುವುದರಿಂದ ಅವರು ನಿಜವಾಗಿ ಕಳೆದುಕೊಳ್ಳುವುದು 12,700ರಷ್ಟು ಮಾತ್ರ. ಬಡ್ಡಿಗೂ ತೆರಿಗೆ ಕಟ್ಟಿದ ಮೇಲೆ ಅವರ ಗಂಟು 15 ವರ್ಷ ದಾಟುತ್ತದೆ. ಆದರೆ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲವಾದ್ದರಿಂದ, 40,000ದ ಪಿಂಚಣಿಯೊಂದನ್ನೇ ನಂಬಿದವರಿಗೆ ಈ ಅನುಕೂಲ ಸಿಗುವುದಿಲ್ಲ.

ಹಾಗಾಗಿ ಠೇವಣಿ ಇಡಲೆಂದೇ ಗಂಟು ಪಡೆಯುವುದು ಇಂಥವರಿಗೆ ಲಾಭವಲ್ಲ ಎಂದೇ ನನ್ನ ಅಭಿಪ್ರಾಯ. ಶೇ 13ರ ವೈಯಕ್ತಿಕ ಸಾಲ ತಲೆಯ ಮೇಲಿದ್ದರೆ ಮಾತು ಬೇರೆ, ಆಗ ಕಣ್ಣುಮುಚ್ಚಿ ಪಡೆಯಬಹುದು.

ಬಡ್ಡಿಯ ಲೆಕ್ಕಕ್ಕೆ ಸಿಗದ ಎರಡು ಸಂಗತಿಗಳೂ ಇವೆ. ಗಂಟು ಪಡೆದರೂ ತುಟ್ಟಿಭತ್ಯೆ ಸಿಗುವುದು ಪೂರ್ತಿ 40,000ದ ಮೇಲೆಯೇ. ಇನ್ನು, ಪಿಂಚಣಿದಾರರು ಐದಾರು ವರ್ಷದಲ್ಲೇ ತೀರಿಕೊಂಡರೆ ಕಡಿತ ಅಲ್ಲಿಗೇ ನಿಲ್ಲುತ್ತದೆ, ಉಳಿದ ಬಾಕಿಯನ್ನು ಯಾರೂ ಕೇಳುವುದಿಲ್ಲ. ಹೆಂಡತಿಗೋ ಗಂಡನಿಗೋ ಬರುವ ಕುಟುಂಬ ಪಿಂಚಣಿಗೆ ಕತ್ತರಿ ಬೀಳುವುದಿಲ್ಲ. ಗಂಭೀರ ಕಾಯಿಲೆ ಇರುವವರಿಗೆ ಶೇ 9ರ ಬಡ್ಡಿಗಿಂತ ಇದೇ ದೊಡ್ಡ ವಿಷಯ.

ನಿವೃತ್ತಿಯಾಗಿ ಒಂದು ವರ್ಷದೊಳಗೆ ಅರ್ಜಿ ಕೊಟ್ಟರೆ ವೈದ್ಯಕೀಯ ಪರೀಕ್ಷೆ ಬೇಕಿಲ್ಲ, ಆಮೇಲೆ ಬೇಕು. ಶೇ 40ನ್ನೇ ಪಡೆಯಬೇಕೆಂದೂ ಇಲ್ಲ. ಸಾಲ ನಾಲ್ಕು ಲಕ್ಷವಿದ್ದರೆ ಅಷ್ಟಕ್ಕೆ ಸಾಲುವಷ್ಟು, ಅಂದರೆ ತಿಂಗಳಿಗೆ 4,100 ರೂಪಾಯಿಯಷ್ಟನ್ನು ಬಿಟ್ಟುಕೊಟ್ಟರೆ ಸಾಕು.